ರೀಫಂಡ್ ಫೀಚರ್: ಭಾಗಶಃ ರೀಫಂಡ್ ಮತ್ತು ಅವಧಿ ನಿಯಮಗಳ ಸ್ವೀಕಾರ ಮಾನದಂಡಗಳು

ಯೂಸರ್ ಸ್ಟೋರಿ: ಆರ್ಡರ್ ಮಾಡಿದ ಗ್ರಾಹಕರು ತರಿಸಿಕೊಂಡ ವಸ್ತುಗಳಲ್ಲಿ ಕೆಲವನ್ನೋ ಎಲ್ಲವನ್ನೋ ಹಿಂತಿರುಗಿಸಿ, ಕೊಟ್ಟ ಹಣದಲ್ಲಿ ಅದಕ್ಕೆ ತಕ್ಕ ಪಾಲನ್ನು ನಿಗದಿತ ಅವಧಿಯೊಳಗೆ ಮರಳಿ ಪಡೆಯಬೇಕು.

ಇದರ ಹಿಂದಿನ ಆವೃತ್ತಿಯನ್ನು ಬರೆದವಳು ನಾನೇ. ಅದರಲ್ಲಿ "ಕೊಟ್ಟದ್ದಕ್ಕಿಂತ ಹೆಚ್ಚು ರೀಫಂಡ್ ಆಗಬಾರದು" ಎಂಬ ಒಂದೇ ಸಾಲು ಇತ್ತು. ಇಬ್ಬರು ಏಜೆಂಟರು ಒಂದೇ ಆರ್ಡರನ್ನು ಒಟ್ಟಿಗೆ ತೆರೆದರು, ಇಬ್ಬರ ಪರದೆಯಲ್ಲೂ ಪೂರ್ತಿ ಬಾಕಿ ಕಾಣುತ್ತಿತ್ತು, ಇಬ್ಬರೂ ಬಟನ್ ಒತ್ತಿದರು. ಹಣ ಎರಡು ಸಲ ಹೋಯಿತು. ಆ ಒಂದು ಸಾಲನ್ನು ಈ ಸಲ ಪರೀಕ್ಷಿಸಿ ನೋಡಬಹುದಾದ ಸನ್ನಿವೇಶಗಳಾಗಿ ಬಿಡಿಸಿದ್ದೇನೆ.

## ಎಲ್ಲ ಸನ್ನಿವೇಶಗಳಿಗೂ ಅನ್ವಯಿಸುವುದು

ಮೊತ್ತಗಳನ್ನೆಲ್ಲ ಕರೆನ್ಸಿಯ ಅತಿ ಚಿಕ್ಕ ಘಟಕದಲ್ಲಿ, ಪೂರ್ಣಾಂಕವಾಗಿ ಇಡಬೇಕು. ದಶಮಾಂಶ ಎಲ್ಲಿ ಬರಬೇಕೆಂಬುದನ್ನು ಪರದೆಗೆ ತೋರಿಸುವಾಗ ಮಾತ್ರ ISO 4217 ಪಟ್ಟಿ ನೋಡಿ ತೀರ್ಮಾನಿಸಬೇಕು. ಎಲ್ಲ ಕರೆನ್ಸಿಗೂ ಎರಡೇ ಸ್ಥಾನ ಎಂದುಕೊಳ್ಳಬೇಡಿ: JPYಗೆ ಸೊನ್ನೆ, KWDಗೆ ಮೂರು.

ಮಾದರಿ ಆರ್ಡರ್: ಒಂದೇ ಬಗೆಯ 3 ವಸ್ತು, ತಲಾ 4,000. ಕೂಪನ್ ರಿಯಾಯಿತಿ 2,000. ಸಾಗಣೆ ಶುಲ್ಕ 500. ಗ್ರಾಹಕರಿಂದ ಪಡೆದದ್ದು 10,500. ಬೇರೆ ಹೇಳದಿದ್ದರೆ ಕೆಳಗಿನ ಎಲ್ಲ ಸನ್ನಿವೇಶಗಳಲ್ಲೂ ಇದೇ ಆರ್ಡರ್.

"ಬಾಕಿ" ಎಂಬ ಪದಕ್ಕೆ ಈ ದಾಖಲೆಯಲ್ಲಿ ಒಂದೇ ಅರ್ಥ:

```
refundable_balance = captured − refunded − on_hold
```

`on_hold` ಎಂದರೆ ಒಪ್ಪಿಗೆಯಾಗಿ ಇನ್ನೂ ಗ್ರಾಹಕರ ಕೈಸೇರದ ಮೊತ್ತ. ಇದನ್ನು ಕಳೆಯದೆ ಲೆಕ್ಕ ಹಾಕಿದ್ದೇ ಕಳೆದ ಸಲದ ತಪ್ಪಿನ ಮೂಲ.

## ಭಾಗಶಃ ರೀಫಂಡ್

ಸನ್ನಿವೇಶ 1: ಮೂರರಲ್ಲಿ ಒಂದು ವಸ್ತು ವಾಪಸ್
ಹೀಗಿದ್ದಾಗ: ಮಾದರಿ ಆರ್ಡರ್ ಡೆಲಿವರಿಯಾಗಿದೆ, ಈವರೆಗೆ ಯಾವ ರೀಫಂಡೂ ಆಗಿಲ್ಲ.
ಹೀಗೆ ಮಾಡಿದರೆ: ಗ್ರಾಹಕರು 1 ವಸ್ತುವಿಗೆ ರೀಫಂಡ್ ಕೋರಿದರೆ,
ಹೀಗಾಗಬೇಕು: 3,333ಕ್ಕೆ ಕೋರಿಕೆ ಸೃಷ್ಟಿಯಾಗಬೇಕು. ಅದಕ್ಕೆ ಒಪ್ಪಿಗೆಯಾದ ಮೇಲೆ ಬಾಕಿ 7,167 ಎಂದು ತೋರಬೇಕು. ಕೂಪನ್‌ನಲ್ಲಿ ಆ ವಸ್ತುವಿನ ಪಾಲು ಕಳೆದಿದೆ ಎಂಬುದು ಕೋರಿಕೆ ಸಲ್ಲಿಸುವ ಮೊದಲೇ ಗ್ರಾಹಕರ ಪರದೆಯಲ್ಲಿ ಕಾಣಬೇಕು.

ಸನ್ನಿವೇಶ 2: ಚಿಲ್ಲರೆ ಕಳೆದುಹೋಗಬಾರದು
ಹೀಗಿದ್ದಾಗ: 2 ವಸ್ತುಗಳಿಗೆ ಬೇರೆ ಬೇರೆ ದಿನ 3,333ರಂತೆ ಒಟ್ಟು 6,666 ರೀಫಂಡ್ ಆಗಿದೆ.
ಹೀಗೆ ಮಾಡಿದರೆ: ಮೂರನೆಯದೂ ವಾಪಸ್ ಬಂದರೆ,
ಹೀಗಾಗಬೇಕು: ಅದಕ್ಕೆ 3,334 ಸಿಗಬೇಕು, ವಸ್ತುಗಳ ಒಟ್ಟು ರೀಫಂಡ್ ಸರಿಯಾಗಿ 10,000 ಆಗಬೇಕು.

10,000 ಮೂರರಿಂದ ಭಾಗವಾಗುವುದಿಲ್ಲ. ಪ್ರತಿ ವಸ್ತುವಿನ ಪಾಲನ್ನು ಬಿಡಿಬಿಡಿಯಾಗಿ ಪೂರ್ಣಾಂಕಕ್ಕೆ ಇಳಿಸಿದರೆ ಕೊನೆಗೆ 1 ಉಳಿಯುತ್ತದೆ. ಗ್ರಾಹಕರು ಎಲ್ಲವನ್ನೂ ಮರಳಿಸಿದ ಮೇಲೂ ಅವರ ಹಣದಲ್ಲಿ ಒಂದು ಘಟಕವನ್ನು ನಾವು ಇಟ್ಟುಕೊಂಡಂತಾಗುತ್ತದೆ. ಮೊತ್ತ ಚಿಕ್ಕದಿರಬಹುದು, ಹಣ ನಮ್ಮದಲ್ಲ. ಆದ್ದರಿಂದ ಈವರೆಗೆ ಸಲ್ಲಬೇಕಾದ ಒಟ್ಟು ಮೊತ್ತವನ್ನು ಲೆಕ್ಕಹಾಕಿ, ವಾಪಸ್ ಬಂದ ವಸ್ತುಗಳಿಗೆಂದು ಆಗಲೇ ಕೊಟ್ಟದ್ದನ್ನು ಅದರಿಂದ ಕಳೆಯಬೇಕು:

```
floor(10000 × returned_qty / 3) − already_refunded
```

ಎರಡನ್ನು ಒಟ್ಟಿಗೆ ಮರಳಿಸಿ ಆಮೇಲೆ ಒಂದನ್ನು ಮರಳಿಸಿದರೂ (6,666 ಮತ್ತು 3,334) ಮೊತ್ತ ಅಷ್ಟೇ ಬರುತ್ತದೆ. ಎರಡೂ ಕ್ರಮಗಳಿಗೆ ಟೆಸ್ಟ್ ಇರಬೇಕು.

ಸನ್ನಿವೇಶ 3: ಏಜೆಂಟ್ ಕೈಯಾರೆ ಮೊತ್ತ ನಮೂದಿಸುವುದು
ಹೀಗಿದ್ದಾಗ: ಪೆಟ್ಟಿಗೆ ಜಜ್ಜಿಹೋಗಿತ್ತೆಂದು ಏಜೆಂಟ್ ಆಗಲೇ 1,000 ಮರಳಿಸಿದ್ದಾರೆ. ಬಾಕಿ 9,500.
ಹೀಗೆ ಮಾಡಿದರೆ: ಗ್ರಾಹಕರು ಮೂರೂ ವಸ್ತು ಮರಳಿಸಿದರೆ,
ಹೀಗಾಗಬೇಕು: 10,000ದ ಬದಲು 9,500 ಮಾತ್ರ ಹೋಗಬೇಕು. "ಮೊದಲೇ 1,000 ಮರಳಿಸಲಾಗಿದೆ" ಎಂಬ ವಿವರ ಗ್ರಾಹಕರಿಗೂ ಏಜೆಂಟರಿಗೂ ಕಾಣಬೇಕು. ಬಾಕಿ 0 ಆಗಿ, ಆರ್ಡರಿನ ಸ್ಥಿತಿ "ಪೂರ್ತಿ ರೀಫಂಡ್ ಆಗಿದೆ" ಎಂದು ಬದಲಾಗಬೇಕು.

ಏಜೆಂಟ್ 0, ಋಣ ಸಂಖ್ಯೆ ಅಥವಾ ಬಾಕಿಗಿಂತ ಹೆಚ್ಚಿನ ಮೊತ್ತ ನಮೂದಿಸಿದರೆ ಕೋರಿಕೆ ಸೃಷ್ಟಿಯಾಗಲೇಬಾರದು. ದೋಷ ಸಂದೇಶದಲ್ಲಿ ಆ ಕ್ಷಣದ ಬಾಕಿ ಎಷ್ಟೆಂದು ಇರಬೇಕು.

ಸನ್ನಿವೇಶ 4: ಸಾಗಣೆ ಶುಲ್ಕ
ಹೀಗಿದ್ದಾಗ: ಬಾಕಿ 10,500 ಪೂರ್ತಿ ಇದೆ.
ಹೀಗೆ ಮಾಡಿದರೆ: ಮೂರೂ ವಸ್ತು ವಾಪಸ್ ಬಂದು, ಕಾರಣ "ದೋಷವಿತ್ತು" ಅಥವಾ "ತಪ್ಪು ವಸ್ತು ಬಂತು" ಎಂದಿದ್ದರೆ,
ಹೀಗಾಗಬೇಕು: 10,500 ಮರಳಬೇಕು. ಕಾರಣ "ಬೇಡವಾಯಿತು" ಎಂದಿದ್ದರೆ 10,000 ಮಾತ್ರ.

## ಏಕಕಾಲದ ಕೋರಿಕೆಗಳು

ಸನ್ನಿವೇಶ 5: ಇಬ್ಬರು ಏಜೆಂಟರು, ಒಂದೇ ಆರ್ಡರ್
ಹೀಗಿದ್ದಾಗ: ಬಾಕಿ 10,500, ಇಬ್ಬರ ಪರದೆಯಲ್ಲೂ ಅದೇ ಕಾಣುತ್ತಿದೆ.
ಹೀಗೆ ಮಾಡಿದರೆ: ಇಬ್ಬರೂ ಒಂದೇ ಕ್ಷಣಕ್ಕೆ 10,500 ರೀಫಂಡ್ ಒತ್ತಿದರೆ,
ಹೀಗಾಗಬೇಕು: ಒಂದು ಮಾತ್ರ ಒಪ್ಪಿಗೆಯಾಗಬೇಕು. ಇನ್ನೊಂದಕ್ಕೆ "ಬಾಕಿ ಬದಲಾಗಿದೆ, ಈಗ 0" ಎಂಬ ಉತ್ತರ ಬರಬೇಕು. ಗೇಟ್‌ವೇಗೆ ಹೋಗುವ ಕರೆ ಒಂದೇ ಇರಬೇಕು.

ಬಾಕಿ ನೋಡುವುದೂ ಅದನ್ನು ತಡೆಹಿಡಿಯುವುದೂ ಒಂದೇ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿ ನಡೆಯಬೇಕು. ಮೊದಲ ಒತ್ತುವಿಕೆಯ ಬಳಿಕ ಬಟನ್ ಮಂಕಾಗಿಸುವುದು ಈ ಸನ್ನಿವೇಶಕ್ಕೆ ಉತ್ತರವಲ್ಲ. ಇಲ್ಲಿರುವುದು ಎರಡು ಬೇರೆ ಬೇರೆ ಪರದೆ.

ಸನ್ನಿವೇಶ 6: ಗೇಟ್‌ವೇ ಉತ್ತರಿಸಲಿಲ್ಲ
ಹೀಗಿದ್ದಾಗ: 3,333ರ ರೀಫಂಡನ್ನು ಗೇಟ್‌ವೇಗೆ ಕಳಿಸಲಾಗಿದೆ.
ಹೀಗೆ ಮಾಡಿದರೆ: ಟೈಮ್‌ಔಟ್ ಆಗಿ, ಹಣ ಹೋಯಿತೋ ಇಲ್ಲವೋ ತಿಳಿಯದಿದ್ದರೆ,
ಹೀಗಾಗಬೇಕು: ಸ್ಥಿತಿ "ಖಚಿತವಾಗಿಲ್ಲ" ಎಂದಾಗಬೇಕು, 3,333 ತಡೆಯಲ್ಲೇ ಉಳಿಯಬೇಕು. ಮರುಪ್ರಯತ್ನ ಅದೇ `Idempotency-Key` ಜೊತೆಗೇ ಹೋಗಬೇಕು. ಟೈಮ್‌ಔಟನ್ನು ಸೋಲೆಂದು ಎಣಿಸಿ ಬಾಕಿಯನ್ನು ಬಿಡುಗಡೆ ಮಾಡಬಾರದು.

## ಅವಧಿ ನಿಯಮಗಳು

ಗ್ರಾಹಕರಿಗೆ 30 ದಿನ. ಡೆಲಿವರಿಯಾದ ದಿನ 0ನೇ ದಿನ. 30ನೇ ದಿನ ಡೆಲಿವರಿ ವಿಳಾಸದ ಸಮಯ ವಲಯದಲ್ಲಿ ಮುಗಿಯುವವರೆಗೂ ಕೋರಿಕೆ ಸಲ್ಲುತ್ತದೆ. ದಿನವನ್ನು ಕ್ಯಾಲೆಂಡರ್ ಪ್ರಕಾರ ಎಣಿಸಬೇಕು, 720 ಗಂಟೆ ಎಂದು ಕೂಡಿಸಬಾರದು. ಗಡಿಯಾರ ಮುಂದೆ ಹಿಂದೆ ಮಾಡುವ ಪ್ರದೇಶಗಳಲ್ಲಿ ಕೆಲವು ದಿನಗಳಿಗೆ 23 ಗಂಟೆ, ಕೆಲವಕ್ಕೆ 25.

ಸನ್ನಿವೇಶ 7: ಗಡಿಯ ಕ್ಷಣ
ಹೀಗಿದ್ದಾಗ: ವಿಳಾಸದ ಸಮಯ ವಲಯ +09:00, ಡೆಲಿವರಿ 2025-03-01ರಂದು 18:40ಕ್ಕೆ.
ಹೀಗೆ ಮಾಡಿದರೆ: ಕೆಳಗಿನ ಕ್ಷಣಗಳಲ್ಲಿ ಕೋರಿಕೆ ಸರ್ವರ್ ತಲುಪಿದರೆ,
ಹೀಗಾಗಬೇಕು: ಪಕ್ಕದಲ್ಲಿ ಬರೆದಂತೆ.

```
2025-03-31T14:59:59Z   ಸ್ವೀಕಾರ
2025-03-31T15:00:00Z   ತಿರಸ್ಕಾರ
```

ಎರಡನೆಯ ಸಾಲಿನಲ್ಲಿ ಸರ್ವರ್‌ಗೆ ಇನ್ನೂ ಮಾರ್ಚ್ 31, ಗ್ರಾಹಕರಿಗೆ ಏಪ್ರಿಲ್ 1. ಸರ್ವರಿನ ದಿನಾಂಕ ನೋಡಿ ತೀರ್ಮಾನಿಸುವ ಕೋಡ್ ಈ ಟೆಸ್ಟ್‌ನಲ್ಲಿ ಬೀಳಬೇಕು. ಫೆಬ್ರವರಿಗೂ ಒಂದು ಜೋಡಿ ಬೇಕು: 2024-01-30ರ ಡೆಲಿವರಿಗೆ ಕೊನೆಯ ದಿನ 2024-02-29, 2025-01-30ರದಕ್ಕೆ 2025-03-01.

ಸನ್ನಿವೇಶ 8: ಸಮಯಕ್ಕೆ ಕೋರಿದ್ದಾರೆ, ನಾವು ತಡಮಾಡಿದೆವು
ಹೀಗಿದ್ದಾಗ: ಗ್ರಾಹಕರು 30ನೇ ದಿನ ಕೋರಿಕೆ ಸಲ್ಲಿಸಿದ್ದಾರೆ.
ಹೀಗೆ ಮಾಡಿದರೆ: ಏಜೆಂಟ್ ಅದನ್ನು 34ನೇ ದಿನ ತೆರೆದರೆ,
ಹೀಗಾಗಬೇಕು: ಒಪ್ಪಿಗೆ ಕೊಡಲು ಸಾಧ್ಯವಾಗಬೇಕು, ಅವಧಿ ಮೀರಿದ ಎಚ್ಚರಿಕೆ ಬರಬಾರದು. ಅವಧಿಯನ್ನು ಅಳೆಯುವುದು ಕೋರಿಕೆ ಬಂದ ಕ್ಷಣದವರೆಗೆ ಮಾತ್ರ. ನಮ್ಮ ಸರದಿ ಉದ್ದವಿತ್ತೆಂದು ಗ್ರಾಹಕರು ಹಕ್ಕು ಕಳೆದುಕೊಳ್ಳಬಾರದು. ಇದರಲ್ಲಿ ರಾಜಿ ಇಲ್ಲ.

ಸನ್ನಿವೇಶ 9: ಎರಡು ಕಂತಿನಲ್ಲಿ ಡೆಲಿವರಿ
ಹೀಗಿದ್ದಾಗ: 2 ವಸ್ತು ಮಾರ್ಚ್ 1ರಂದು, ಉಳಿದ 1 ಮಾರ್ಚ್ 9ರಂದು ತಲುಪಿವೆ.
ಹೀಗೆ ಮಾಡಿದರೆ: ಏಪ್ರಿಲ್ 5ರಂದು ಗ್ರಾಹಕರು ರೀಫಂಡ್ ಪುಟ ತೆರೆದರೆ,
ಹೀಗಾಗಬೇಕು: ಮೊದಲ ಎರಡರ ಎದುರು "ಮಾರ್ಚ್ 31ಕ್ಕೆ ಅವಧಿ ಮುಗಿದಿದೆ" ಎಂದೂ, ಮೂರನೆಯದರ ಎದುರು "ಏಪ್ರಿಲ್ 8ರವರೆಗೆ" ಎಂದೂ ಇರಬೇಕು. ಅದೊಂದನ್ನೇ ಆರಿಸಲು ಬರಬೇಕು.

ಸನ್ನಿವೇಶ 10: ಸೂಪರ್‌ವೈಸರ್ ವಿನಾಯಿತಿ
ಹೀಗಿದ್ದಾಗ: 30 ದಿನ ಮೀರಿದೆ, 90 ಮೀರಿಲ್ಲ.
ಹೀಗೆ ಮಾಡಿದರೆ: ಸೂಪರ್‌ವೈಸರ್ ಕಾರಣ ಬರೆದು ಒಪ್ಪಿಗೆ ಕೊಟ್ಟರೆ,
ಹೀಗಾಗಬೇಕು: ರೀಫಂಡ್ ಸಾಗಬೇಕು, ಹೆಸರು, ಸಮಯ, ಕಾರಣ ಲಾಗ್‌ನಲ್ಲಿ ಉಳಿಯಬೇಕು. ಕಾರಣ ಖಾಲಿಯಿದ್ದರೆ ಆಗಬಾರದು. 91ನೇ ದಿನದಿಂದ ಯಾರಿಗೂ ಆಗಬಾರದು.

ಸನ್ನಿವೇಶ 11: ಒಪ್ಪಿಗೆಯಾಯಿತು, ವಸ್ತು ಬರಲಿಲ್ಲ
ಹೀಗಿದ್ದಾಗ: 3,333ಕ್ಕೆ ಒಪ್ಪಿಗೆ ಸಿಕ್ಕಿದೆ, ವಸ್ತುವನ್ನು ಕೊರಿಯರ್‌ಗೆ ಕೊಡಲು 14 ದಿನ ಇದೆ.
ಹೀಗೆ ಮಾಡಿದರೆ: 14ನೇ ದಿನ ಮುಗಿದರೂ ಕೊರಿಯರ್ ಸ್ಕ್ಯಾನ್ ಆಗದಿದ್ದರೆ,
ಹೀಗಾಗಬೇಕು: ಒಪ್ಪಿಗೆ ರದ್ದಾಗಿ 3,333 ಬಾಕಿಗೆ ಮರಳಬೇಕು, ಗ್ರಾಹಕರಿಗೆ ತಿಳಿಸಬೇಕು. 30 ದಿನದ ಅವಧಿ ಇನ್ನೂ ಉಳಿದಿದ್ದರೆ ಹೊಸದಾಗಿ ಕೋರಬಹುದು.

14ನೇ ದಿನ ಸ್ಕ್ಯಾನ್ ಆಗಿ, ಪಾರ್ಸೆಲ್ 19ನೇ ದಿನ ಗೋದಾಮು ಮುಟ್ಟಿದರೆ ಒಪ್ಪಿಗೆ ಊರ್ಜಿತ. ರದ್ದು ಮಾಡುವ ರಾತ್ರಿಯ ಜಾಬ್ ಓಡದೇ ಹೋದರೂ ಫಲಿತಾಂಶ ಬದಲಾಗಬಾರದು. ಅವಧಿ ಮೀರಿದೆಯೇ ಎಂಬುದನ್ನು ದಾಖಲೆ ಓದುವಾಗಲೇ ಪರೀಕ್ಷಿಸಬೇಕು.

## ಸ್ಟೋರ್ ಕ್ರೆಡಿಟ್ ಮತ್ತು ಅದರ ಅವಧಿ

ಸನ್ನಿವೇಶ 12: ಅರ್ಧ ಕ್ರೆಡಿಟ್, ಅರ್ಧ ಕಾರ್ಡ್
ಹೀಗಿದ್ದಾಗ: 10,500ರಲ್ಲಿ 6,000 ಸ್ಟೋರ್ ಕ್ರೆಡಿಟ್‌ನಿಂದ, 4,500 ಕಾರ್ಡ್‌ನಿಂದ ಬಂದಿದೆ.
ಹೀಗೆ ಮಾಡಿದರೆ: 2 ವಸ್ತುಗಳಿಗೆ 6,666 ಮರಳಿಸುವಾಗ,
ಹೀಗಾಗಬೇಕು: ಮೊದಲು ಕಾರ್ಡ್‌ಗೆ 4,500, ಉಳಿದ 2,166 ಕ್ರೆಡಿಟ್‌ಗೆ ಹೋಗಬೇಕು. ಕ್ರೆಡಿಟ್‌ಗೆ ಅದರ ಹಳೆಯ ಕೊನೆಯ ದಿನಾಂಕವೇ ಇರಬೇಕು. ಅದು ಮುಗಿದಿದ್ದರೆ, ಅಥವಾ 30 ದಿನಕ್ಕಿಂತ ಕಡಿಮೆ ಉಳಿದಿದ್ದರೆ, ರೀಫಂಡ್ ದಿನದಿಂದ 30 ದಿನ ಕೊಡಬೇಕು.

ಹೊಸದಾಗಿ 365 ದಿನ ಕೊಟ್ಟರೆ, ಕೊಂಡು ಮರಳಿಸುತ್ತಾ ಕ್ರೆಡಿಟನ್ನು ಎಂದೆಂದಿಗೂ ಜೀವಂತ ಇಡಬಹುದು. ಹಳೆಯ ದಿನಾಂಕವನ್ನಷ್ಟೇ ಹಿಡಿದರೆ, ನಿನ್ನೆ ಮುಗಿದ ಕ್ರೆಡಿಟ್ ಇಂದು ಕೈಗೆ ಬಂದರೂ ಬಳಸಲಾಗದು. 30 ದಿನ ಇವೆರಡರ ನಡುವಿನ ದಾರಿ.

ಸನ್ನಿವೇಶ 13: ಕಾರ್ಡ್ ಖಾತೆ ಮುಚ್ಚಿದೆ
ಹೀಗಿದ್ದಾಗ: ಒಪ್ಪಿಗೆಯಾದ ರೀಫಂಡ್ ಕಾರ್ಡ್‌ಗೆ ಹೋಗಬೇಕಿದೆ.
ಹೀಗೆ ಮಾಡಿದರೆ: ಖಾತೆ ಇಲ್ಲವೆಂದು ಗೇಟ್‌ವೇ ನಿರಾಕರಿಸಿದರೆ,
ಹೀಗಾಗಬೇಕು: ಸ್ಥಿತಿ "ಗ್ರಾಹಕರ ಉತ್ತರಕ್ಕೆ ಕಾಯುತ್ತಿದೆ" ಎಂದಾಗಬೇಕು. ಬೇರೆ ಬ್ಯಾಂಕ್ ಖಾತೆ ಅಥವಾ 365 ದಿನದ ಕ್ರೆಡಿಟ್, ಎರಡರಲ್ಲಿ ಒಂದನ್ನು ಅವರೇ ಆರಿಸಬೇಕು. ಕೇಳದೆ ಕ್ರೆಡಿಟ್ ಮಾಡಬಾರದು. ಈ ಕಾಯುವಿಕೆಗೆ ಅವಧಿಯಿಲ್ಲ: ಒಪ್ಪಿಗೆಯಾದ ಹಣ ನಾವು ಕೊಡಬೇಕಾದ ಸಾಲ.

## ಉಳಿದ ಎರಡು

ಸನ್ನಿವೇಶ 14: ಬ್ಯಾಂಕ್‌ನಲ್ಲಿ ತಕರಾರು
ಹೀಗಿದ್ದಾಗ: ಇದೇ ಪಾವತಿಯ ಮೇಲೆ ಚಾರ್ಜ್‌ಬ್ಯಾಕ್ ತೆರೆದಿದೆ.
ಹೀಗೆ ಮಾಡಿದರೆ: ಯಾರಾದರೂ ರೀಫಂಡ್ ಕೋರಿದರೆ,
ಹೀಗಾಗಬೇಕು: ಕೋರಿಕೆ ದಾಖಲಾಗಬೇಕು, ಬಂದ ಕ್ಷಣ ಉಳಿಯಬೇಕು, ಹಣ ಮಾತ್ರ ಹೋಗಬಾರದು. ತಕರಾರು ನಮ್ಮ ಪರವಾಗಿ ಮುಗಿದರೆ ಕೋರಿಕೆ ಅಲ್ಲಿಂದಲೇ ಮುಂದುವರಿಯಬೇಕು. ಗ್ರಾಹಕರ ಪರವಾಗಿ ಮುಗಿದರೆ, ಬ್ಯಾಂಕ್ ಕೊಟ್ಟ ಮೊತ್ತ `refunded` ಲೆಕ್ಕಕ್ಕೆ ಸೇರಬೇಕು.

ಸನ್ನಿವೇಶ 15: ನಿಯಮ ಬದಲಾದರೆ
ಹೀಗಿದ್ದಾಗ: ಆರ್ಡರ್ ಮಾಡಿದ ದಿನ ಅವಧಿ 30 ದಿನವಿತ್ತು.
ಹೀಗೆ ಮಾಡಿದರೆ: ಡೆಲಿವರಿಯಾಗುವ ಮೊದಲು ಅವಧಿಯನ್ನು 15ಕ್ಕೆ ಇಳಿಸಿದರೆ,
ಹೀಗಾಗಬೇಕು: ಈ ಆರ್ಡರ್‌ಗೆ 30 ದಿನವೇ ನಡೆಯಬೇಕು.

ಈ ಸ್ಟೋರಿಯ ವ್ಯಾಪ್ತಿಗೆ ಹೊರತು: ವಸ್ತು ಬದಲಿ ಕೊಡುವುದು, ಚಂದಾ ಪಾವತಿಯ ರೀಫಂಡ್, ಪಾವತಿ ಒಂದು ಕರೆನ್ಸಿಯಲ್ಲಿ ಆಗಿ ರೀಫಂಡ್ ಇನ್ನೊಂದರಲ್ಲಿ ಆಗುವುದು.

ಸನ್ನಿವೇಶ 5 ಮತ್ತು 6 ಅನ್ನು ಕೈಯಿಂದ ಪರೀಕ್ಷಿಸಿ "ಪಾಸ್" ಎಂದು ಗುರುತು ಹಾಕುವಂತಿಲ್ಲ. ಇವೆರಡಕ್ಕೆ ಆಟೊಮೇಟೆಡ್ ಟೆಸ್ಟ್ ಇಲ್ಲದೆ ಸ್ಟೋರಿ ಮುಚ್ಚಲಾಗದು.