ಇತಿಹಾಸ ವಿಭಾಗದ ಸಂಯೋಜಕರ ಹುದ್ದೆಗೆ ಅರ್ಜಿ

ದಾವಣಗೆರೆ
16-06-2025

ಇವರಿಂದ:
ಡಾ. ಎಸ್. ಮಂಜುಳಾ
ಸಹಾಯಕ ಪ್ರಾಧ್ಯಾಪಕಿ, ಇತಿಹಾಸ ವಿಭಾಗ
ವಿದ್ಯಾನಗರ, ದಾವಣಗೆರೆ

ಇವರಿಗೆ:
ಪ್ರಾಂಶುಪಾಲರು
ಪ್ರಥಮ ದರ್ಜೆ ಕಾಲೇಜು, ಚಿತ್ರದುರ್ಗ

ಮಾನ್ಯರೇ,

ವಿಷಯ: ಇತಿಹಾಸ ವಿಭಾಗದ ಸಂಯೋಜಕರ ಹುದ್ದೆಗೆ ಅರ್ಜಿ ಸಲ್ಲಿಸುವ ಬಗ್ಗೆ.
ಉಲ್ಲೇಖ: ತಮ್ಮ ಕಾಲೇಜಿನ ದಿನಾಂಕ 02-06-2025ರ ಪ್ರಕಟಣೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಕಾಲೇಜಿನ ಇತಿಹಾಸ ವಿಭಾಗದ ಸಂಯೋಜಕರ ಹುದ್ದೆಗೆ ನನ್ನನ್ನು ಪರಿಗಣಿಸಬೇಕೆಂದು ಕೋರಿ ಈ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ. ಕುವೆಂಪು ವಿಶ್ವವಿದ್ಯಾಲಯದಿಂದ 2008ರಲ್ಲಿ ಇತಿಹಾಸದ ಎಂ.ಎ. ಪದವಿಯನ್ನೂ 2019ರಲ್ಲಿ ಪಿಎಚ್.ಡಿ.ಯನ್ನೂ ಪಡೆದಿದ್ದು, 2012ರಲ್ಲಿ ಯುಜಿಸಿ ನೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದೇನೆ. ಚಿತ್ರದುರ್ಗದ ಕೋಟೆಯೊಳಗಿನ ಹೊಂಡಗಳು ಮತ್ತು ಅವುಗಳ ನಿರ್ವಹಣೆ ನನ್ನ ಸಂಶೋಧನೆಯ ವಿಷಯವಾಗಿತ್ತು. 2013ರಿಂದ ದಾವಣಗೆರೆಯ ಖಾಸಗಿ ಅನುದಾನಿತ ಕಾಲೇಜೊಂದರಲ್ಲಿ ಬೋಧಿಸುತ್ತಿದ್ದು, 2020ರಿಂದ ಅಲ್ಲಿನ ವಿಭಾಗದ ಸಂಯೋಜನೆಯ ಹೊಣೆಯನ್ನು ನಿರ್ವಹಿಸುತ್ತಿದ್ದೇನೆ.

ಈ ಐದು ವರ್ಷಗಳಲ್ಲಿ ನನ್ನ ಹೆಚ್ಚಿನ ಸಮಯವನ್ನು ತೆಗೆದುಕೊಂಡದ್ದು ಪಠ್ಯಕ್ರಮದ ಬದಲಾವಣೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು; 2024-25ರಲ್ಲಿ ಪ್ರಥಮ ವರ್ಷಕ್ಕೆ ಸೇರಿದವರು ರಾಜ್ಯದ ಮೂರು ವರ್ಷಗಳ ಪದವಿ ವ್ಯವಸ್ಥೆಗೆ ಮರಳಿದರು. ಹೀಗಾಗಿ ಕಳೆದ ವರ್ಷ ಒಂದೇ ವಿಭಾಗದಲ್ಲಿ ಎರಡು ಪಠ್ಯಕ್ರಮಗಳು, ಎರಡು ಬಗೆಯ ಅಂಕ ಹಂಚಿಕೆಗಳು ಒಟ್ಟಿಗೆ ನಡೆದವು, ಅಂತಿಮ ವರ್ಷದವರ ಮಟ್ಟಿಗೆ ಈ ವರ್ಷವೂ ಅದೇ ಸ್ಥಿತಿ ಇರಲಿದೆ. ಇಬ್ಬರು ಕಾಯಂ ಅಧ್ಯಾಪಕರು ಮತ್ತು ಮೂವರು ಅತಿಥಿ ಉಪನ್ಯಾಸಕರ ನಡುವೆ ಕಾರ್ಯಭಾರವನ್ನು ಹಂಚುವಾಗ, ಹೊಸ ಪತ್ರಿಕೆಗಳೆಲ್ಲವನ್ನೂ ಅತಿಥಿ ಉಪನ್ಯಾಸಕರ ತಲೆಗೆ ಕಟ್ಟುವ ರೂಢಿಯನ್ನು ಬಿಟ್ಟು, ನಾನೇ ಎರಡು ಹೊಸ ಪತ್ರಿಕೆಗಳನ್ನು ತೆಗೆದುಕೊಂಡೆ. ವೇಳಾಪಟ್ಟಿ ತಡವಾಗುವುದಕ್ಕೆ ಕೊಠಡಿಗಳ ಕೊರತೆಯಷ್ಟೇ ಈ ಹಂಚಿಕೆಯ ಮುನಿಸೂ ಕಾರಣವೆಂಬುದು ನನ್ನ ಅನುಭವ.

ಆಡಳಿತದ ಕೆಲಸದಲ್ಲಿ ನನ್ನಿಂದಾದ ಒಂದು ಲೋಪವನ್ನೂ ಇಲ್ಲಿ ಮುಚ್ಚಿಡದೆ ತಿಳಿಸುವುದು ಸರಿಯೆಂದು ಭಾವಿಸುತ್ತೇನೆ. 2022ರಲ್ಲಿ ಹನ್ನೊಂದು ವಿದ್ಯಾರ್ಥಿಗಳ ಆಂತರಿಕ ಮೌಲ್ಯಮಾಪನದ ಅಂಕಗಳು ಯುಯುಸಿಎಂಎಸ್ ತಂತ್ರಾಂಶದಲ್ಲಿ ನಮೂದಾಗಿರಲಿಲ್ಲ. ಹಾಳೆಯ ಮೇಲೆ ಎಲ್ಲವೂ ಸರಿಯಿದ್ದುದರಿಂದ ನಾನು ಪರದೆಯಲ್ಲಿ ಪರಿಶೀಲಿಸದೆ ಸಹಿ ಮಾಡಿದ್ದೆ. ಫಲಿತಾಂಶ ತಡೆಹಿಡಿಯಲ್ಪಟ್ಟ ಮಕ್ಕಳೊಂದಿಗೆ ನಾನೇ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ ಹೋಗಿ ಅದನ್ನು ಸರಿಪಡಿಸಿಕೊಂಡು ಬಂದೆ. ಅಂದಿನಿಂದ ಅಂಕ ನಮೂದಿಸಿದವರೊಬ್ಬರು, ಓದಿ ತಾಳೆ ನೋಡುವವರು ಇನ್ನೊಬ್ಬರು ಎಂಬ ಕ್ರಮವಿದ್ದು, ಮುದ್ರಿತ ಪ್ರತಿಯನ್ನು ಮೂರು ದಿನ ಸೂಚನಾ ಫಲಕದಲ್ಲಿ ಹಾಕಿ ವಿದ್ಯಾರ್ಥಿಗಳ ಆಕ್ಷೇಪಣೆ ಪಡೆದ ಬಳಿಕವೇ ಅಂತಿಮಗೊಳಿಸುತ್ತೇವೆ. ಅನಂತರ ಅಂತಹ ದೂರು ಬಂದಿಲ್ಲ.

ನ್ಯಾಕ್ ಮೌಲ್ಯಮಾಪನಕ್ಕಾಗಿ ವಿಭಾಗದ ಐದು ವರ್ಷಗಳ ದಾಖಲೆಗಳನ್ನು ಸಿದ್ಧಪಡಿಸಿದ್ದೇನೆ ಹಾಗೂ ಎರಡು ವರ್ಷ ಆಂತರಿಕ ಗುಣಮಟ್ಟ ಖಾತರಿ ಕೋಶದ ಸದಸ್ಯೆಯಾಗಿದ್ದೆ. ಸಭೆಯ ನಡಾವಳಿಯನ್ನು ಅದೇ ದಿನ ಬರೆದಿಟ್ಟರೆ ತಂಡ ಬರುವ ಹಿಂದಿನ ವಾರ ಯಾರೂ ರಾತ್ರಿ ಕೂತು ಬರೆಯಬೇಕಾಗುವುದಿಲ್ಲ ಎಂಬುದಕ್ಕಿಂತ ಹೆಚ್ಚಿನ ಗುಟ್ಟು ಅದರಲ್ಲಿಲ್ಲ.

ತಮ್ಮ ಕಾಲೇಜಿಗೆ ಬರಬೇಕೆಂಬ ನನ್ನ ಆಸೆಗೆ ಮುಖ್ಯ ಕಾರಣ ಊರು. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನಗಳಿರುವ ಬ್ರಹ್ಮಗಿರಿ ಇದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಮಯೂರಶರ್ಮನ ಶಾಸನವಿರುವ ಚಂದ್ರವಳ್ಳಿ ಊರಿನ ಮಗ್ಗುಲಲ್ಲೇ ಇದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಈ ಎರಡೂ ಕಡೆ ಉತ್ಖನನ ನಡೆಸಿದ್ದರು. ದಾವಣಗೆರೆಯಿಂದ ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಮಕ್ಕಳನ್ನು ಕರೆತಂದಾಗಲೆಲ್ಲ, ಶಾಸನದ ಎದುರು ನಿಂತು ನಾಲ್ಕು ಅಕ್ಷರ ಗುರುತಿಸುವಷ್ಟರಲ್ಲಿ ಹೊರಡುವ ಹೊತ್ತಾಗಿರುತ್ತಿತ್ತು. ತಮ್ಮಲ್ಲಿ ಅವಕಾಶ ಸಿಕ್ಕರೆ ಪ್ರತಿ ಸೆಮಿಸ್ಟರಿನಲ್ಲಿ ನಾಲ್ಕು ಶನಿವಾರ ಚಂದ್ರವಳ್ಳಿ ಮತ್ತು ಕೋಟೆಯಲ್ಲಿ ಕ್ಷೇತ್ರ ತರಗತಿ ನಡೆಸಿ, ವಿದ್ಯಾರ್ಥಿಗಳ ಟಿಪ್ಪಣಿಗಳನ್ನೇ ಆಂತರಿಕ ಮೌಲ್ಯಮಾಪನದ ನಿಯೋಜಿತ ಕಾರ್ಯವಾಗಿ ಪರಿಗಣಿಸುವ ಯೋಜನೆಯಿದೆ. ಇದಕ್ಕೆ ಹೆಚ್ಚುವರಿ ಅನುದಾನ ಬೇಕಾಗದು, ವೇಳಾಪಟ್ಟಿಯಲ್ಲಿ ಶನಿವಾರದ ಎರಡು ಅವಧಿಗಳನ್ನು ಜೋಡಿಸಿದರೆ ಸಾಕು.

ಪದವಿ ಪ್ರಮಾಣಪತ್ರಗಳು, ಸೇವಾ ಪ್ರಮಾಣಪತ್ರ ಹಾಗೂ ಈಗಿನ ಕಾಲೇಜಿನ ನಿರಾಕ್ಷೇಪಣಾ ಪತ್ರದ ದೃಢೀಕೃತ ಪ್ರತಿಗಳನ್ನು ಲಗತ್ತಿಸಿದ್ದೇನೆ. ತಾವು ತಿಳಿಸಿದ ದಿನ ಮೂಲ ದಾಖಲೆಗಳೊಂದಿಗೆ ಸಂದರ್ಶನಕ್ಕೆ ಹಾಜರಾಗುತ್ತೇನೆ. ಆಯ್ಕೆಯಾದಲ್ಲಿ, ಈಗಿನ ವಿದ್ಯಾರ್ಥಿಗಳ ಅಂಕ ನಮೂದು ಮುಗಿಸಿ ಹಸ್ತಾಂತರಿಸಲು ಒಂದು ತಿಂಗಳ ಕಾಲಾವಕಾಶ ನೀಡಬೇಕೆಂದು ವಿನಂತಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
(ಸಹಿ)
ಡಾ. ಎಸ್. ಮಂಜುಳಾ