65 ವ್ಯಾಟ್ ಪವರ್ ಬ್ಯಾಂಕ್: ಡಬ್ಬದ ಮೇಲೆ ಬರೆದಿದ್ದೆಷ್ಟು, ಕೈಗೆ ಸಿಕ್ಕಿದ್ದೆಷ್ಟು?

(ವಿಡಿಯೊ ಸ್ಕ್ರಿಪ್ಟ್. ಒಟ್ಟು ಅವಧಿ 5 ನಿಮಿಷ)

0:00 [ಕ್ಲೋಸಪ್: ಯುಎಸ್‌ಬಿ ಮೀಟರ್, 59 ವ್ಯಾಟ್ ತೋರಿಸುತ್ತಿದೆ. ಪಕ್ಕದಲ್ಲಿ ಡಬ್ಬ, ಅದರ ಮೇಲೆ ದಪ್ಪಕ್ಷರದಲ್ಲಿ 65]

ಡಬ್ಬದ ಮೇಲೆ 65 ಅಂತಿದೆ, ಮೀಟರ್ 59 ದಾಟ್ತಾ ಇಲ್ಲ. ತಪ್ಪು ಪವರ್ ಬ್ಯಾಂಕಿನದ್ದಲ್ಲ, ಡಬ್ಬದೊಳಗೆ ಬಂದ ಕೇಬಲ್‌ದು. ಹೇಗೆ ಅಂತ ತೋರಿಸ್ತೀನಿ.

0:15 [ಮುಖ ಕ್ಯಾಮೆರಾಗೆ]

ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ: ಇದನ್ನ ದುಡ್ಡು ಕೊಟ್ಟು ತಂದಿದ್ದು. ಕಂಪನಿ ಕಳಿಸಿಲ್ಲ, ಈ ವಿಡಿಯೊನ ಅವರು ಮುಂಚೆ ನೋಡಿಲ್ಲ, ಕೆಳಗೆ ಕಮಿಷನ್ ಲಿಂಕೂ ಇಲ್ಲ. ಮೂರು ವಾರ ಬಳಸಿ, ಅಳೆದು ಮಾತಾಡ್ತಿದೀವಿ.

0:30 [ಮೇಲಿನಿಂದ ಶಾಟ್. ಸೀಲ್ ಕತ್ತರಿಸುವುದು ಕಟ್ ಇಲ್ಲದೆ ಪೂರ್ತಿ ಕಾಣಬೇಕು. ಹಿನ್ನೆಲೆ ಸಂಗೀತ ಬೇಡ]

ಒಳಗೆ ಪವರ್ ಬ್ಯಾಂಕ್, 30 ಸೆಂಟಿಮೀಟರ್ ಉದ್ದದ ಟೈಪ್-ಸಿ ಕೇಬಲ್, ಒಂದು ಬಟ್ಟೆ ಚೀಲ, ಕೈಪಿಡಿ. ಚಾರ್ಜರ್ ಇಲ್ಲ. ತೂಕ 420 ಗ್ರಾಂ ಅಂತ ಬರೆದಿದ್ದಾರೆ, ತಕ್ಕಡಿಯಲ್ಲಿ 431. ಎರಡು ಟೈಪ್-ಸಿ, ಒಂದು ಟೈಪ್-ಎ ಪೋರ್ಟ್. ಉಳಿದ ಚಾರ್ಜನ್ನ ಅಂಕಿಯಲ್ಲೇ ತೋರಿಸೋ ಡಿಸ್‌ಪ್ಲೇ ಇದೆ, ಇದು ನಿಜಕ್ಕೂ ಉಪಯೋಗಕ್ಕೆ ಬರತ್ತೆ.

1:05 [ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಝೂಮ್]

20,000 ಎಂಎಎಚ್ ಇದೆ, ನನ್ನ ಫೋನ್ 5,000, ಹಾಗಾದ್ರೆ ನಾಲ್ಕು ಸಲ ಚಾರ್ಜ್ ಆಗತ್ತೆ ಅಂತ ಲೆಕ್ಕ ಹಾಕಬೇಡಿ. ಆ 20,000 ಒಳಗಿನ ಸೆಲ್‌ಗಳದ್ದು, 3.7 ವೋಲ್ಟ್‌ಗೆ. ಗುಣಿಸಿದ್ರೆ 74 ವ್ಯಾಟ್ ಅವರ್. ಅದನ್ನ ಬೇರೆ ವೋಲ್ಟೇಜ್‌ಗೆ ಏರಿಸೋವಾಗ ಒಂದಷ್ಟು ಶಾಖವಾಗಿ ಹೋಗತ್ತೆ. 45 ವ್ಯಾಟ್ ಲೋಡ್ ಹಾಕಿ ಮೂರು ಸಲ ಪೂರ್ತಿ ಖಾಲಿ ಮಾಡಿದಾಗ ಸಿಕ್ಕಿದ್ದು ಸರಾಸರಿ 62 ವ್ಯಾಟ್ ಅವರ್, ಅಂದ್ರೆ ಸುಮಾರು ನೂರಕ್ಕೆ 84. ಒಳ್ಳೆಯ ಅಂಕಿ, ಇದರಲ್ಲಿ ಮೋಸ ಇಲ್ಲ. ಫೋನ್ ಎರಡೂ ಮುಕ್ಕಾಲು ಸಲ ತುಂಬತ್ತೆ. 50 ವ್ಯಾಟ್ ಅವರ್ ಬ್ಯಾಟರಿಯ ಲ್ಯಾಪ್‌ಟಾಪ್ ಒಂದು ಸಲ ತುಂಬಿ ಸ್ವಲ್ಪ ಮಿಗತ್ತೆ.

ವಿಮಾನದಲ್ಲಿ 100 ವ್ಯಾಟ್ ಅವರ್ ಒಳಗಿನದ್ದಕ್ಕೆ ಸಾಮಾನ್ಯವಾಗಿ ತಕರಾರಿಲ್ಲ. ಆದ್ರೆ ಕೈಚೀಲದಲ್ಲೇ ಇರಬೇಕು, ಲಗೇಜ್‌ಗೆ ಹಾಕಬಾರದು.

2:00 [ಎರಡು ಕೇಬಲ್ ಅಕ್ಕಪಕ್ಕ, ಮೀಟರ್ ಫ್ರೇಮಿನಲ್ಲೇ ಇರಲಿ. ಕೇಬಲ್ ಬದಲಿಸುವಾಗ ಕಟ್ ಮಾಡಬೇಡಿ]

ಈಗ ಕೇಬಲ್ ವಿಷಯ. 65 ವ್ಯಾಟ್ ಬೇಕಂದ್ರೆ 20 ವೋಲ್ಟ್‌ಗೆ 3.25 ಆಂಪ್ ಹರೀಬೇಕು. 3 ಆಂಪ್ ದಾಟಬೇಕಾದ್ರೆ ಕೇಬಲ್ ಒಳಗೆ ಇ-ಮಾರ್ಕರ್ ಅನ್ನೋ ಚಿಪ್ ಇರಬೇಕು. ಜೊತೆಗೆ ಕೊಟ್ಟಿರೋ ಕೇಬಲ್‌ನಲ್ಲಿ ಅದಿಲ್ಲ, ಹಾಗಾಗಿ ಪವರ್ ಬ್ಯಾಂಕ್ 60ಕ್ಕೇ ನಿಲ್ಲತ್ತೆ. ನೋಡಿ, 59. ಈಗ 5 ಆಂಪ್ ಕೇಬಲ್ ಹಾಕ್ತೀನಿ... 63. 65 ಅಂತ ಮಾರಿ, 65 ಕೊಡಲಾಗದ ಕೇಬಲ್ ಇಡೋದು ಸರಿಯಲ್ಲ. ಈ ಮಾತನ್ನ ಮೆದು ಮಾಡಿ ಹೇಳೋ ಅಗತ್ಯ ಕಾಣಲ್ಲ.

2:40 [ಥರ್ಮಾಮೀಟರ್, ಟೈಮ್‌ಲ್ಯಾಪ್ಸ್. ಪರದೆ ಮೇಲೆ: ಕೋಣೆ 26 ಡಿಗ್ರಿ]

ಸರಿಯಾದ ಕೇಬಲ್ ಇದ್ರೂ ಪೂರ್ತಿ ವೇಗ ಉಳಿಯಲ್ಲ. 22ನೇ ನಿಮಿಷಕ್ಕೆ ಮೈ 48 ಡಿಗ್ರಿ ಮುಟ್ಟಿತು, ಔಟ್‌ಪುಟ್ 45 ವ್ಯಾಟ್‌ಗೆ ಇಳೀತು. ಇಳಿಸೋದು ಸುರಕ್ಷತೆಗೆ ಒಳ್ಳೆಯದೇ, ಆದ್ರೆ ಡಬ್ಬದಲ್ಲಿ ಅದರ ಸುದ್ದಿನೇ ಇಲ್ಲ. ಬ್ಯಾಗ್ ಒಳಗಿಟ್ಟು ಲ್ಯಾಪ್‌ಟಾಪ್ ಚಾರ್ಜ್ ಮಾಡಬೇಡಿ.

3:10 [ರೌಟರ್ ದೀಪಗಳು ಆರಿ ಮತ್ತೆ ಹತ್ತುವ ಶಾಟ್]

ಇನ್ನೊಂದು ಕಿರಿಕಿರಿ. ಒಂದು ಸಾಧನ ಚಾರ್ಜ್ ಆಗ್ತಿರೋವಾಗ ಎರಡನೇದು ಚುಚ್ಚಿದ್ರೆ, ಮೊದಲನೇದಕ್ಕೆ ಎರಡು ಸೆಕೆಂಡ್ ಕರೆಂಟ್ ನಿಲ್ಲತ್ತೆ. ಯಾರಿಗೆಷ್ಟು ವ್ಯಾಟ್ ಅಂತ ಪೋರ್ಟ್‌ಗಳು ಹೊಸದಾಗಿ ಹಂಚಿಕೊಳ್ತವೆ. ಫೋನ್‌ಗೆ ಇದು ಗೊತ್ತೇ ಆಗಲ್ಲ. ರೌಟರ್ ಆಫ್ ಆಗಿ ಮತ್ತೆ ಶುರುವಾಗತ್ತೆ.

ಇಯರ್‌ಬಡ್ಸ್ ಅರ್ಧಕ್ಕೇ ನಿಂತ್ರೆ ಕೆಟ್ಟಿದೆ ಅಂದ್ಕೋಬೇಡಿ. ಅವು ಎಳೆಯೋ ಕರೆಂಟ್ ತೀರ ಕಡಿಮೆ, ಏನೂ ಸಿಕ್ಕಿಸಿಲ್ಲ ಅಂತ ತಿಳಿದು ಪವರ್ ಬ್ಯಾಂಕ್ ಆಫ್ ಆಗತ್ತೆ. ಬಟನ್ ಎರಡು ಸಲ ಒತ್ತಿ, ಹಸಿರು ದೀಪ ಬಂದ್ರೆ ಸರಿ. ಖಾಲಿಯಿಂದ ತುಂಬೋಕೆ 30 ವ್ಯಾಟ್ ಚಾರ್ಜರ್‌ನಲ್ಲಿ 3 ಗಂಟೆ 10 ನಿಮಿಷ.

3:55 [ಮುಖ ಕ್ಯಾಮೆರಾಗೆ, ಉತ್ಪನ್ನ ಕೈಯಲ್ಲಿ]

ತೀರ್ಪು. 45 ವ್ಯಾಟ್ ಸಾಕಾಗೋ ಹಗುರ ಲ್ಯಾಪ್‌ಟಾಪ್, ಜೊತೆಗೊಂದು ಫೋನ್ ಇರೋರು ತಗೊಳ್ಳಿ. ಸಾಮರ್ಥ್ಯ ಪ್ರಾಮಾಣಿಕವಾಗಿದೆ. 5 ಆಂಪ್ ಕೇಬಲ್‌ನ ಖರ್ಚು ಸೇರಿಸಿಕೊಂಡೇ ಬೆಲೆ ಹೋಲಿಸಿ. ವಿಡಿಯೊ ಎಡಿಟಿಂಗ್‌ನಂಥ ಭಾರದ ಕೆಲಸ ಮಾಡೋರು ಬಿಡಿ, 22 ನಿಮಿಷದ ವೇಗ ನಿಮಗೆ ಸಾಲಲ್ಲ. ಫೋನ್ ಒಂದಕ್ಕೇ ಅಂದ್ರೂ ಬೇಡ, ಅರ್ಧ ತೂಕದ 10,000 ಎಂಎಎಚ್ ಸಾಕು.

ಬಾಳಿಕೆ ಬಗ್ಗೆ ಮೂರು ವಾರದಲ್ಲಿ ಏನೂ ಹೇಳೋಕಾಗಲ್ಲ. ಆರು ತಿಂಗಳಾದ ಮೇಲೆ ಇದೇ 45 ವ್ಯಾಟ್ ಲೋಡ್‌ನಲ್ಲಿ ಮತ್ತೆ ಅಳೆದು, 62 ಎಷ್ಟಕ್ಕೆ ಇಳಿದಿದೆ ಅಂತ ಪಿನ್ ಮಾಡಿದ ಕಾಮೆಂಟ್‌ನಲ್ಲಿ ಹಾಕ್ತೀವಿ.

4:40 [ಕೊನೆಯ ಪರದೆ, 20 ಸೆಕೆಂಡ್: ಮೂರೂ ಪರೀಕ್ಷೆಯ ಅಂಕಿಗಳು – 61.4, 62.1, 61.9. ಮಾತಿಲ್ಲ]