ಪಂಚಮಿ ಉಂಡಿ ಪ್ಯಾಕ್: ಬಿಡಿ ದರ ಎಷ್ಟು, ಪ್ಯಾಕ್ ದರ ಎಷ್ಟು, ನಿಮಗೆ ಉಳಿಯೋದು ಎಷ್ಟು

ನಾಗರ ಪಂಚಮಿ ಹತ್ತಿರ ಬಂತು. ಬಾಗಲಕೋಟೆ ನವನಗರದ ನಮ್ಮ ಅಂಗಡಿಯಲ್ಲಿ ಉಂಡಿ ಕಟ್ಟೋದು ಶುರುವಾಗಿದೆ. ಈ ಸಲ ನಾಲ್ಕು ಪ್ಯಾಕ್ ಮಾಡಿದ್ದೇವೆ. ಒಂದೊಂದರಲ್ಲೂ ಏನಿದೆ, ಅದನ್ನೇ ಬಿಡಿಯಾಗಿ ತಗೊಂಡರೆ ಎಷ್ಟಾಗುತ್ತದೆ ಅಂತ ಪೂರ್ತಿ ಬರೆದಿದ್ದೇವೆ. ನೀವೇ ಕೂಡಿಸಿ ನೋಡಿ.

ಬಿಡಿ ದರ ಅಂದರೆ ಇವತ್ತು ನಮ್ಮ ಕೌಂಟರಿನಲ್ಲಿ ತೂಕ ಮಾಡಿಸಿ ಒಯ್ಯುವವರು ಕೊಡುವ ದರ. ಪ್ಯಾಕಿನ ಸಲುವಾಗಿ ಅದನ್ನು ಏರಿಸಿ ಬರೆದಿಲ್ಲ. ಪಂಚಮಿ ಮುಗಿಯುವವರೆಗೂ ಇದೇ ದರ ಇರುತ್ತದೆ.

ಇವತ್ತಿನ ಬಿಡಿ ದರ, ಒಂದು ಕೆಜಿಗೆ
ಶೇಂಗಾ ಉಂಡಿ ₹360
ರವೆ ಉಂಡಿ ₹400
ಎಳ್ಳುಂಡಿ ₹440
ಬೇಸನ್ ಉಂಡಿ ₹480
ತಂಬಿಟ್ಟು ₹320

ಜೋಳದ ಅರಳು 100 ಗ್ರಾಂಗೆ ₹30. ಹಿಂಡಿ ಯಾವುದೇ ಇರಲಿ, 100 ಗ್ರಾಂಗೆ ₹40. ಸಜ್ಜೆಯ ಕಟಿ ರೊಟ್ಟಿ ಒಂದಕ್ಕೆ ₹8.

1. ಮನೆ ಪಂಚಮಿ: ₹300

ನಾಲ್ಕು ಜನರ ಮನೆಗೆ ಸಾಕು. ನೈವೇದ್ಯಕ್ಕೂ ಆಯಿತು, ಮಕ್ಕಳ ಕೈಗೂ ಆಯಿತು.

ಶೇಂಗಾ ಉಂಡಿ ಪಾವ ಕೆಜಿ ₹90
ರವೆ ಉಂಡಿ ಪಾವ ಕೆಜಿ ₹100
ಎಳ್ಳುಂಡಿ ಪಾವ ಕೆಜಿ ₹110
ಜೋಳದ ಅರಳು 100 ಗ್ರಾಂ ₹30
ಬಿಡಿಯಾಗಿ ತಗೊಂಡರೆ ₹330. ಪ್ಯಾಕ್ ₹300. ನಿಮಗೆ ಉಳಿಯೋದು ₹30.

2. ರೊಟ್ಟಿ ಹಬ್ಬ: ₹250

ಪಂಚಮಿಗೆ ಮೊದಲು ಓಣಿಯಲ್ಲಿ ರೊಟ್ಟಿ ಹಂಚುವ ಮನೆಗಳಿಗೆ. ಪಲ್ಯ ನಿಮ್ಮ ಮನೆಯದು, ರೊಟ್ಟಿ ಹಿಂಡಿ ನಮ್ಮದು.

ಎಳ್ಳು ಹಚ್ಚಿದ ಸಜ್ಜೆಯ ಕಟಿ ರೊಟ್ಟಿ 20 ₹160
ಶೇಂಗಾ ಹಿಂಡಿ 100 ಗ್ರಾಂ ₹40
ಗುರೆಳ್ಳು ಹಿಂಡಿ 100 ಗ್ರಾಂ ₹40
ಅಗಸಿ ಹಿಂಡಿ 100 ಗ್ರಾಂ ₹40
ಬಿಡಿಯಾಗಿ ತಗೊಂಡರೆ ₹280. ಪ್ಯಾಕ್ ₹250. ನಿಮಗೆ ಉಳಿಯೋದು ₹30.

ರೊಟ್ಟಿಗಳನ್ನು ಒಂದರ ಮೇಲೊಂದು ಕಟ್ಟಿ ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಇಡುತ್ತೇವೆ. ಆದರೂ ಬಸ್ಸಿನಲ್ಲಿ ಒಯ್ಯುವವರು ಕೈಯಲ್ಲೇ ಹಿಡಿದುಕೊಳ್ಳಿ. ಇದನ್ನು ಕೊರಿಯರ್ ಮಾಡುವುದಿಲ್ಲ. ದಾರಿಯಲ್ಲಿ ಮುರಿದು ಪುಡಿಯಾದ ರೊಟ್ಟಿಯನ್ನು ಹಬ್ಬಕ್ಕೆ ಯಾರ ಮನೆಗೂ ಕಳಿಸೋದು ನಮಗೆ ಇಷ್ಟವಿಲ್ಲ.

3. ತವರಿನ ಬುತ್ತಿ: ₹760

ನಮ್ಮ ಭಾಗದಲ್ಲಿ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣ ಹೋಗಿ ತಂಗಿಯನ್ನು ಕರೆದುಕೊಂಡು ಬರಬೇಕು, ಜೋಕಾಲಿ ಕಟ್ಟಬೇಕು, ಹೊರಡುವಾಗ ಉಂಡಿ ಕಟ್ಟಿಕೊಡಬೇಕು. ಆಕೆಗೆ ನೌಕರಿ, ಮಕ್ಕಳ ಶಾಲೆ ಅಂತ ಬರಲು ಆಗದ ವರ್ಷವೂ ತವರಿನ ಉಂಡಿ ಮಾತ್ರ ತಪ್ಪಬಾರದು, ಅಲ್ವಾ? ಈ ಪ್ಯಾಕ್ ಅದಕ್ಕೇ ಇರೋದು. ಬರೀ ಉಂಡಿ ಕಳಿಸಿದರೆ ತವರಿನ ಉಡುಗೊರೆ ಅರ್ಧ ಆದಂತೆ. ಹಾಗಾಗಿ ಒಂದು ಕುಪ್ಪಸಕ್ಕೆ ಆಗುವಷ್ಟು ಗುಳೇದಗುಡ್ಡ ಖಣವನ್ನೂ ಇಟ್ಟಿದ್ದೇವೆ.

ಶೇಂಗಾ ಉಂಡಿ ಅರ್ಧ ಕೆಜಿ ₹180
ಬೇಸನ್ ಉಂಡಿ ಅರ್ಧ ಕೆಜಿ ₹240
ಎಳ್ಳುಂಡಿ ಪಾವ ಕೆಜಿ ₹110
ತಂಬಿಟ್ಟು ಪಾವ ಕೆಜಿ ₹80
ಗುಳೇದಗುಡ್ಡ ಖಣ ಒಂದು ₹250
ಬಿಡಿಯಾಗಿ ತಗೊಂಡರೆ ₹860. ಪ್ಯಾಕ್ ₹760. ನಿಮಗೆ ಉಳಿಯೋದು ₹100.

ಖಣ ಬೇಡವೇ? ಬರೀ ಉಂಡಿಯ ಬುತ್ತಿ ₹540. ಅದರ ಬಿಡಿ ದರ ₹610, ಉಳಿಯೋದು ₹70.

ಖಣದ ಬಣ್ಣ ಕೆಂಪು, ಹಸಿರು, ನೀಲಿ ಈ ಮೂರೇ. ಮೂರಕ್ಕೂ ದರ ಒಂದೇ. ಬಣ್ಣ ಹೇಳದೇ ಇದ್ದರೆ ಹಸಿರು ಇಡುತ್ತೇವೆ. ಖಣವನ್ನು ಬೇರೆ ಕವರಿನಲ್ಲಿ ಹಾಕಿ ಡಬ್ಬಿಯ ಮೇಲೆ ಇಡುತ್ತೇವೆ, ತುಪ್ಪದ ಜಿಡ್ಡು ತಾಗುವುದಿಲ್ಲ.

ಕೊರಿಯರ್ ಖರ್ಚು ಪ್ಯಾಕ್ ದರದಲ್ಲಿ ಸೇರಿಲ್ಲ. ಕರ್ನಾಟಕದ ಯಾವ ಊರಿಗಾದರೂ ₹90, ಸೊಲ್ಲಾಪುರ ಮತ್ತು ಪುಣೆಗೆ ₹120. ಬೆಂಗಳೂರಿನ ತಂಗಿಗೆ ಖಣದ ಜೊತೆ ಕಳಿಸಿದರೆ ನೀವು ಕೊಡೋದು ಒಟ್ಟು ₹850. ಪುಣೆಗಾದರೆ ಒಟ್ಟು ₹880. ಇದರ ಮೇಲೆ ಮತ್ತೇನೂ ಇಲ್ಲ.

4. ತುಂಬಿದ ಮನೆ: ₹1,090

ಅಕ್ಕ, ತಂಗಿ, ಅಳಿಯ, ಮೊಮ್ಮಕ್ಕಳು ಎಲ್ಲರೂ ಬಂದು ಸೇರುವ ಮನೆಗೆ. ಮೂರು ಬಗೆ, ಒಟ್ಟು 3 ಕೆಜಿ ಉಂಡಿ.

ಶೇಂಗಾ ಉಂಡಿ 1 ಕೆಜಿ ₹360
ರವೆ ಉಂಡಿ 1 ಕೆಜಿ ₹400
ಬೇಸನ್ ಉಂಡಿ 1 ಕೆಜಿ ₹480
ಬಿಡಿಯಾಗಿ ತಗೊಂಡರೆ ₹1,240. ಪ್ಯಾಕ್ ₹1,090. ನಿಮಗೆ ಉಳಿಯೋದು ₹150.

ಯಾರಿಗೆ ಪ್ಯಾಕ್ ಬೇಡ

ಮನೆಯಲ್ಲಿ ಎಲ್ಲರೂ ಶೇಂಗಾ ಉಂಡಿಯನ್ನಷ್ಟೇ ತಿನ್ನುತ್ತಾರೆ ಅಂದರೆ ಬಿಡಿಯಾಗಿಯೇ ತಗೊಳ್ಳಿ. ₹30 ಉಳಿಸೋಕೆ ಅಂತ ಯಾರೂ ಮುಟ್ಟದ ಎಳ್ಳುಂಡಿ ಒಯ್ದರೆ ಅದು ಉಳಿತಾಯ ಅಲ್ಲ. ಕೌಂಟರಿನಲ್ಲಿ ಪಾವ ಕೆಜಿಯಿಂದ ತೂಕ ಮಾಡಿ ಕೊಡುತ್ತೇವೆ. ಪ್ಯಾಕ್ ಒಳಗಿನ ಒಂದು ಉಂಡಿ ತೆಗೆದು ಇನ್ನೊಂದು ಹಾಕಿ ಕೊಡಲು ಮಾತ್ರ ಆಗುವುದಿಲ್ಲ. ಹಾಗೆ ಬದಲಿಸುತ್ತಾ ಹೋದರೆ ಪ್ರತಿ ಡಬ್ಬಿಗೂ ಬೇರೆ ಲೆಕ್ಕ ಆಗುತ್ತದೆ, ನಿಮಗೂ ಗೊಂದಲ ನಮಗೂ ಗೊಂದಲ.

ಎರಡು ಪ್ಯಾಕ್ ತಗೊಂಡರೆ ಮತ್ತೆ ಕಡಿಮೆ ಆಗುತ್ತದೆಯೇ ಅಂತ ಬಹಳ ಜನ ಕೇಳುತ್ತಾರೆ. ಇಲ್ಲ. ಒಂದು ಮನೆ ಪಂಚಮಿ ₹300, ಎರಡು ₹600. ಒಬ್ಬರಿಗೊಂದು ದರ, ಇನ್ನೊಬ್ಬರಿಗೊಂದು ದರ ನಮ್ಮಲ್ಲಿಲ್ಲ.

ಒಳಗಿನ ಮಾತು

ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಮೂರಕ್ಕೂ ಮಹಾಲಿಂಗಪುರದ ಬೆಲ್ಲ. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಕೇರಿ, ತರಿತರಿಯಾಗಿ ಕುಟ್ಟಿ ಕಟ್ಟುತ್ತೇವೆ. ಹಿಟ್ಟಿನಂತೆ ನುಣ್ಣಗೆ ಮಾಡಿದರೆ ಎಣ್ಣೆ ಬಿಡುತ್ತದೆ, ಬಾಯಿಗೆ ಕಾಳು ಸಿಗುವುದಿಲ್ಲ. ರವೆ ಮತ್ತು ಬೇಸನ್ ಉಂಡಿಗೆ ಸಕ್ಕರೆ, ತುಪ್ಪ. ರವೆ ಉಂಡಿಯಲ್ಲಿ ಒಣಕೊಬ್ಬರಿ ಇರುವುದರಿಂದ ಅದನ್ನು ಮೊದಲು ತಿಂದು ಮುಗಿಸಿ.

ಶೇಂಗಾ, ಎಳ್ಳು, ಹಾಲಿನ ಪದಾರ್ಥ ಮೈಗೆ ಒಗ್ಗದವರು ಮನೆಯಲ್ಲಿದ್ದರೆ ತಗೊಳ್ಳುವ ಮೊದಲು ನೋಡಿ. ಎಲ್ಲವನ್ನೂ ಒಂದೇ ಅಡುಗೆಮನೆಯಲ್ಲಿ ಮಾಡುತ್ತೇವೆ.

ಡಬ್ಬಿಯ ಮೇಲೆ ಹೀಗೆ ಬರೆದಿರುತ್ತದೆ

> ಮನೆ ಪಂಚಮಿ
> ಶೇಂಗಾ ಉಂಡಿ 250 ಗ್ರಾಂ, ರವೆ ಉಂಡಿ 250 ಗ್ರಾಂ, ಎಳ್ಳುಂಡಿ 250 ಗ್ರಾಂ, ಜೋಳದ ಅರಳು 100 ಗ್ರಾಂ
> ಒಟ್ಟು ನಿವ್ವಳ ತೂಕ 850 ಗ್ರಾಂ
> ಗರಿಷ್ಠ ಮಾರಾಟ ದರ ₹300, ಎಲ್ಲ ತೆರಿಗೆ ಸೇರಿ

ಇದರ ಜೊತೆ ಪ್ಯಾಕ್ ಮಾಡಿದ ದಿನ, ಯಾವತ್ತಿನೊಳಗೆ ತಿನ್ನಬೇಕು ಅನ್ನೋದೂ ಇರುತ್ತದೆ. ತೂಕ ಒಳಗಿನ ತಿನಿಸಿನದು ಮಾತ್ರ, ಡಬ್ಬಿಯದು ಸೇರಿಲ್ಲ. ಸಂಶಯ ಬಂದರೆ ಕೌಂಟರಿನ ತಕ್ಕಡಿಯಲ್ಲಿ ನಿಮ್ಮ ಮುಂದೆಯೇ ತೂಗಿ ತೋರಿಸುತ್ತೇವೆ.

ಯಾವಾಗ, ಎಲ್ಲಿಗೆ

ಪ್ಯಾಕ್ ನಾಗರ ಅಮಾವಾಸ್ಯೆಯ ದಿನದಿಂದ ಸಿಗುತ್ತದೆ. ಕೊರಿಯರ್ ಆರ್ಡರ್ ಕೂಡ ಆ ದಿನ ಸಂಜೆಯೊಳಗೆ ಕೊಡಬೇಕು, ತಡವಾದರೆ ಹಬ್ಬ ಮುಗಿದ ಮೇಲೆ ಉಂಡಿ ಮುಟ್ಟುತ್ತದೆ. ಅಂಗಡಿಗೆ ಬಂದು ಒಯ್ಯುವವರಿಗೆ ಪಂಚಮಿ ಮಧ್ಯಾಹ್ನದವರೆಗೆ ಸಿಗುತ್ತದೆ.

ನವನಗರ, ವಿದ್ಯಾಗಿರಿ, ಹಳೆ ಬಾಗಲಕೋಟೆ ಈ ಮೂರು ಕಡೆ ಮನೆಗೇ ತಂದು ಕೊಡುತ್ತೇವೆ. ತವರಿನ ಬುತ್ತಿ, ತುಂಬಿದ ಮನೆ ತಗೊಂಡವರಿಗೆ ಅದು ಪುಕ್ಕಟೆ. ಉಳಿದ ಎರಡು ಪ್ಯಾಕಿಗೆ ಒಂದು ಮನೆಗೆ ₹30, ಎಷ್ಟು ಡಬ್ಬಿ ತಗೊಂಡರೂ ಅಷ್ಟೇ. ಒಂದೇ ಡಬ್ಬಿ ತರಿಸಿಕೊಂಡರೆ ಉಳಿದ ₹30 ಅದಕ್ಕೇ ಹೋಗುತ್ತದೆ. ಹತ್ತಿರ ಇದ್ದವರು ಅಂಗಡಿಗೇ ಬಂದರೆ ಒಳ್ಳೆಯದು.

ಆರ್ಡರ್ ಮಾಡಲು ಈ ಸಂದೇಶಕ್ಕೆ ಉತ್ತರವಾಗಿ ಪ್ಯಾಕಿನ ಹೆಸರು, ಎಷ್ಟು ಬೇಕು, ಎಲ್ಲಿಗೆ ಅಂತ ಬರೆದರೆ ಸಾಕು. ಹೀಗೆ: “ತವರಿನ ಬುತ್ತಿ 1, ಕೆಂಪು ಖಣ, ಹುಬ್ಬಳ್ಳಿಗೆ ಕೊರಿಯರ್.” ನಾವು ಒಟ್ಟು ಮೊತ್ತ ಬರೆದು ಕಳಿಸುತ್ತೇವೆ. ಅದನ್ನು ನೋಡಿ, ಸರಿ ಅನಿಸಿದ ಮೇಲೆ ಹಣ ಕಳಿಸಿ.